ನೂರಾ ಹತ್ತು ಸೆಕೆಂಡಿನ ತನುಜ

ತನುಜಾಳ ಬೆರಳ ತುದಿಗಳಿಗೆ ಬಿಸಿ ತಿಳಿಯುವುದಿಲ್ಲ. ಕೆಳಗಿನ ಹೋಟೆಲಿನಿಂದ ಟೀ ಬಂದರೆ ನಾನು ಗಾಜಿನ ಲೋಟವನ್ನು ಅಂಚಿನಲ್ಲಿ ಹಿಡಿದು, ಆ ಕೈಯಿಂದ ಈ ಕೈಗೆ ಬದಲಾಯಿಸಿ, ಕೊನೆಗೆ ಕರ್ಚೀಫು ಹುಡುಕುತ್ತೇನೆ. ಅವಳು ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಕುಡಿದು ಕೆಳಗಿಡುತ್ತಾಳೆ. ಅದನ್ನು ಅವಳ ತಾಳ್ಮೆ ಎಂದುಕೊಂಡು ಮೂರು ತಿಂಗಳು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ಒಂದು ದಿನ ಕೇಳಿದಾಗ, ಚಿಕ್ಕವಳಿದ್ದಾಗ ರೇಷ್ಮೆ ಗೂಡು ಬೇಯಿಸುವ ನೀರಿನಲ್ಲಿ ಕೈ ಆಡಿಸಿ ಆಡಿಸಿ ಹಾಗಾಗಿದೆ, ಅಲ್ಲಿ ಚರ್ಮ ಸತ್ತಿದೆ ಎಂದಳು. ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವಾಗಲೂ ಅವಳ ದನಿ ಹಾಗೆಯೇ ಇರುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯಾದ ಮರುವರ್ಷದ ಮಾತು ಇದು. ಬಿ.ಬಿ. ರಸ್ತೆಯಲ್ಲಿ ಬೀಜ, ಔಷಧಿ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ಹರಿಕೃಷ್ಣ ಅವರ ಆನಿಮೇಷನ್ ಸ್ಟುಡಿಯೋ. ಸ್ಟುಡಿಯೋ ಎಂದರೆ ಮೂರು ಕಂಪ್ಯೂಟರು, ನಾವು ಮೂರು ಜನ, ಮತ್ತು ಕೆಳಗಿನಿಂದ ಸದಾ ಮೇಲೇರಿ ಬರುವ ಕೀಟನಾಶಕದ ವಾಸನೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಸುನೀಲ್, ಮುಖ್ಯಸ್ಥರು, ಕಥಾ ವಿಭಾಗ’ ಎಂದಿತ್ತು. ಆ ವಿಭಾಗದಲ್ಲಿ ನಾನೊಬ್ಬನೇ ಇದ್ದೆ. ಕಾರ್ಡಿನಲ್ಲಿ ಜಾಗ ಉಳಿದಿತ್ತೆಂದು ಹರಿಕೃಷ್ಣ ಹಾಗೆ ಹಾಕಿಸಿದ್ದರು. ಮದುವೆ ಸಿ.ಡಿ.ಗಳಿಗೆ ಹಾರುವ ಹೃದಯಗಳನ್ನೂ, ಗೌರಿಬಿದನೂರಿನ ಬಟ್ಟೆ ಅಂಗಡಿಗೆ ಬಿಚ್ಚಿಕೊಳ್ಳುವ ಸೀರೆಯನ್ನೂ ಮಾಡಿಕೊಡುತ್ತಿದ್ದೆವು. ಅಲ್ಲಿಯವರೆಗಿನ ನನ್ನ ಅತ್ಯುತ್ತಮ ಕೃತಿಯೆಂದರೆ ಚಿಂತಾಮಣಿಯ ಮಂಡಿ ಸಾಹುಕಾರರೊಬ್ಬರಿಗಾಗಿ ಬರೆದದ್ದು: ಕಾಲು ಬಂದ ಟೊಮ್ಯಾಟೊ ಓಡಿಬಂದು ಕ್ರೇಟಿನೊಳಗೆ ಹಾರುತ್ತದೆ. ಇಪ್ಪತ್ತು ಸೆಕೆಂಡು. ಲೋಕಲ್ ಕೇಬಲ್ಲಿನಲ್ಲಿ ಅದು ಬಂದ ವಾರ ಪೆರೇಸಂದ್ರದಲ್ಲಿ ನಮ್ಮ ಮನೆಯವರು ಟಿ.ವಿ.ಯ ಮುಂದೆ ಕೂತು ಕಾದಿದ್ದರು. ನೋಡಿ ಮುಗಿದ ಮೇಲೆ ನಮ್ಮಪ್ಪ, ಬಿ.ಕಾಂ. ಓದಿದ್ದು ಇದಕ್ಕೇನಾ ಎಂದು ಕೇಳಿದರು.

ತನುಜ ನಮ್ಮಲ್ಲಿ ಬಣ್ಣ ತುಂಬುವವಳು. ಹರಿಕೃಷ್ಣ ಗೆರೆ ಎಳೆದುಕೊಟ್ಟ ಚಿತ್ರಗಳಿಗೆ ಒಂದೊಂದಾಗಿ ಕಂಪ್ಯೂಟರಿನಲ್ಲಿ ಬಣ್ಣ ಹಾಕಬೇಕು. ದಿನಕ್ಕೆ ನೂರು, ನೂರಿಪ್ಪತ್ತು. ಇಪ್ಪತ್ತೆರಡರ ಹುಡುಗಿ, ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ತಂದೆ ವೆಂಕಟರವಣಪ್ಪ ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ. ತಾಯಿ ಓಬಳಮ್ಮ ಈಗಲೂ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾಳೆ. ತಂದೆ ಬೌದ್ಧ ಧರ್ಮ ಸೇರಿದ ವರ್ಷವೇ ಅವಳೂ ಶಾಲೆ ಸೇರಿದ್ದಂತೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ, ಒಂದು ವರ್ಷ ಗ್ರಾಫಿಕ್ಸ್ ಕಲಿತು ಇಲ್ಲಿಗೆ ಬಂದವಳು. ಕಂಪ್ಯೂಟರಿಗೆ ಜೋಡಿಸಿದ ಹಲಗೆಯ ಮೇಲೆ ಬಣ್ಣ ಹಾಕುವ ಪೆನ್ನನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ಒತ್ತುತ್ತಾಳೆ, ಅದರ ತುದಿ ಬೇಗ ಸವೆಯುತ್ತದೆ ಎನ್ನುವುದೊಂದೇ ಅವಳ ಮೇಲೆ ಹರಿಕೃಷ್ಣರ ದೂರು.

ಒಂದು ಗುರುವಾರ ಶಿರೀಷಾ ಮೇಡಂ ಬಂದರು. ಕೆಲಸಕ್ಕೆ ಹೋಗುವ ಮಕ್ಕಳನ್ನು ಶಾಲೆಗೆ ಸೇರಿಸುವ ಸಂಸ್ಥೆಯೊಂದರವರು. ಅವರ ವ್ಯಾನು ಶಿಡ್ಲಘಟ್ಟದ ಬೀದಿಗಳಲ್ಲಿ ನಿಂತು ಪರದೆ ಬಿಟ್ಟು ಚಿತ್ರ ತೋರಿಸುತ್ತದೆ. ಅದಕ್ಕೆ ಎರಡು ನಿಮಿಷದ ಕಾರ್ಟೂನು ಬೇಕು. ಬೀದಿಯಲ್ಲಿ ನಿಂತವರು ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮಾತು ಇರಬಾರದು, ಏಕೆಂದರೆ ನೋಡುವವರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮನೆಮಾತಿನವರಿದ್ದಾರೆ. ಕಥೆ ಏನು ಎಂದು ಹರಿಕೃಷ್ಣ ಕೇಳಿದರು. ಮೇಡಂ ಡೈರಿ ತೆಗೆದು ಓದಿದರು: “ರೇಷ್ಮೆ ಚರಕ ತಿರುಗಿಸುವ ಹುಡುಗಿ ಶಾಲೆ ಸೇರುತ್ತಾಳೆ.” ಡೈರಿ ಮುಚ್ಚಿದರು. ಅಷ್ಟೇ ಕಥೆ. ಸೋಮವಾರಕ್ಕೆ ಮೂರು ಅಂಕಗಳ ಹಂದರ ಒಂದು ಪುಟದಲ್ಲಿ ಬೇಕು, ಒಪ್ಪಿಗೆಯಾದರೆ ಚಿತ್ರ ನಮ್ಮದು ಎಂದರು.

“ಒಂದೇ ಸಾಲಲ್ವಾ, ಮಧ್ಯಾಹ್ನಕ್ಕೆ ಮುಗಿಸ್ತೀನಿ” ಎಂದು ನಾನು ಹರಿಕೃಷ್ಣರಿಗೆ ಹೇಳಿದೆ.

ಮಧ್ಯಾಹ್ನಕ್ಕೆ ಮುಗಿಸಿಯೂ ಬಿಟ್ಟೆ. ಅದರಲ್ಲಿ ಹುಡುಗಿಯ ಹುಟ್ಟು ಇತ್ತು, ಕುಡುಕ ಅಪ್ಪ ಇದ್ದ, ಕಾಯಿಲೆಯ ತಮ್ಮ ಇದ್ದ, ಮೀಸೆಯ ಮಾಲೀಕನಿದ್ದ, ಒಳ್ಳೆಯ ಮೇಷ್ಟ್ರು ಇದ್ದರು, ಕೊನೆಗೆ ಹುಡುಗಿ ಡಾಕ್ಟರಾಗಿ ಅದೇ ಮಾಲೀಕನಿಗೆ ಸೂಜಿ ಚುಚ್ಚುತ್ತಿದ್ದಳು. ಹರಿಕೃಷ್ಣ ಓದಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಆಡಿ ತೋರಿಸು ಎಂದರು. ನಾನು ಎದ್ದು ನಿಂತು ಎಲ್ಲ ಪಾತ್ರಗಳನ್ನೂ ಆಡಿದೆ. ನಡೆಯುವಲ್ಲಿ ನಡೆದೆ, ಅಳುವಲ್ಲಿ ಅತ್ತೆ, ತಮ್ಮನಾಗಿ ಕೆಮ್ಮಿದೆ. ತನುಜ ತನ್ನ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಡಾಕ್ಟರಾಗಿ ಮುಗಿಸುವಾಗ ಆರು ನಿಮಿಷ ನಲವತ್ತು ಸೆಕೆಂಡಾಗಿತ್ತು.

“ಎರಡು ನಿಮಿಷದಲ್ಲಿ ಮೊದ್ಲೂ ಕೊನೇಲೂ ಹೆಸರುಗಳಿಗೆ ಹತ್ತು ಸೆಕೆಂಡು ಹೋಯ್ತದೆ. ನಿಂಗೆ ಉಳಿಯೋದು ನೂರಾ ಹತ್ತು” ಎಂದರು ಹರಿಕೃಷ್ಣ. “ನೀನು ಬರ್ದಿರೋದು ಕಥೆ ಅಲ್ಲಪ್ಪ, ವಂಶಾವಳಿ.”

ಆಮೇಲೆ ಅವರೇ ಕೂತು ಹೇಳಿಕೊಟ್ಟರು. ಮೇಡಂ ಕೊಟ್ಟ ಸಾಲಿನಲ್ಲಿ ಮೊದಲು ಏನಿತ್ತು, ಕೊನೆಗೆ ಏನಾಯಿತು ಎನ್ನುವುದಷ್ಟೇ ಇದೆ, ನಡುವೆ ಏನೂ ಇಲ್ಲ. ಆ ನಡುವನ್ನು ಹುಡುಕುವುದೇ ಕೆಲಸ. ಹುಡುಗಿಗೆ ಏನು ಬೇಕು ಎನ್ನುವುದನ್ನು ಕಣ್ಣಿಗೆ ಕಾಣುವಂತೆ ತೋರಿಸು, ಅವಳು ಅದರ ಕಡೆ ಮೊದಲ ಹೆಜ್ಜೆ ಇಟ್ಟ ಕೂಡಲೇ ಮೊದಲನೆಯ ಅಂಕ ಮುಗಿಸು. ಎರಡನೆಯದರಲ್ಲಿ ಏನೋ ಒಂದು ಅವಳನ್ನು ತಡೆಯಲಿ. ಒಂದೇ ಒಂದು. ನೂರಾ ಹತ್ತು ಸೆಕೆಂಡಿನಲ್ಲಿ ಎರಡು ತಡೆಗೆ ಜಾಗವಿಲ್ಲ. ಪ್ರತಿ ಸಲವೂ ತಡೆ ಹಿಂದಿನದಕ್ಕಿಂತ ಬಿಗಿಯಾಗಲಿ. ಮೂರನೆಯದರಲ್ಲಿ ಯಾರೋ ಒಬ್ಬರು ಅಲ್ಲಿಯವರೆಗೆ ಮಾಡದಿದ್ದ ಏನನ್ನೋ ಮಾಡಬೇಕು, ಅದರಿಂದ ಕಥೆ ಮುಗಿಯಬೇಕು. ಮೇಲಿನಿಂದ ಉದುರಿದ ಅದೃಷ್ಟದಿಂದ ಮುಗಿಯಬಾರದು. ಕಾಲು ಭಾಗ, ಅರ್ಧ ಭಾಗ, ಕಾಲು ಭಾಗ ಎಂದು ಮೂರು ಗೆರೆ ಎಳೆದುಕೊಟ್ಟು, ಗಡಿಯಾರ ಕಟ್ಟಿಕೊಂಡು ಊಟಕ್ಕೆ ಹೋದರು.

ಕಥಾ ವಿಭಾಗ ಗೆರೆಗಳನ್ನು ನೋಡುತ್ತ ಕೂತಿತು. ತಮ್ಮನನ್ನು ಕೊಂದೆ, ಅಪ್ಪನನ್ನು ತೆಗೆದೆ, ಮೇಷ್ಟ್ರಿಗೆ ವರ್ಗವಾಯಿತು. ಉಳಿದದ್ದು ಮಾಲೀಕ. ಆದರೆ ಮಾತಿಲ್ಲದ ಚಿತ್ರದಲ್ಲಿ ಅವನು ಮಾಲೀಕನೆಂದು ತೋರಿಸುವುದಕ್ಕೇ ಹನ್ನೆರಡು ಸೆಕೆಂಡು ಬೇಕು: ಬಾಗಿಲು, ಮೇಜು, ಲೆಕ್ಕದ ಪುಸ್ತಕ, ಎಲ್ಲರೂ ಎದ್ದು ನಿಲ್ಲುವುದು. ಎಷ್ಟು ಕತ್ತರಿಸಿದರೂ ಎರಡು ನಿಮಿಷ ನಲವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಆಗ ನನಗೆ ಹೊಳೆದದ್ದು ತಾಯಿ. ಚರಕದ ಹತ್ತಿರ ಹೇಗೂ ಇಬ್ಬರಿರುತ್ತಾರೆ: ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನ ಎಳೆ ಎತ್ತಿಕೊಡುವವರೊಬ್ಬರು, ಅದು ಸುತ್ತಿಕೊಳ್ಳಲು ಹಿಂದೆ ಕೂತು ಚಕ್ರ ತಿರುಗಿಸುವವರೊಬ್ಬರು. ಎಳೆ ಎತ್ತುವವಳೇ ತಾಯಿಯಾದರೆ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹುಡುಗಿ ಎದ್ದಳು, ತಾಯಿ ಕೈ ಹಿಡಿದು ಎಳೆದು ಕೂರಿಸಿದಳು. ಮೂರು ಸೆಕೆಂಡು. ಶುಕ್ರವಾರ ಸಂಜೆಗೆ ಹಂದರ ನೂರಾ ಹತ್ತರ ಹತ್ತಿರ ಬಂದಿತ್ತು. ಎರಡನೆಯ ಅಂಕದಲ್ಲಿ ತಾಯಿ ಎಂಟು ಸಲ ಎಳೆಯುತ್ತಿದ್ದಳು. ಮೂರನೆಯದು ಇನ್ನೂ ಖಾಲಿ.

ಶನಿವಾರ ಅದನ್ನು ತನುಜಾಳಿಗೆ ಓದಲು ಕೊಟ್ಟೆ. ಚರಕ ತಿರುಗಿಸಿದವಳು ನಮ್ಮಲ್ಲೇ ಇದ್ದಾಳೆ, ವಿವರ ಸರಿಯಿದೆಯೇ ನೋಡಲಿ ಎಂದಷ್ಟೇ ನನ್ನ ಯೋಚನೆ. ಅವಳು ಎರಡು ಸಲ ಓದಿದಳು. ಬೇಸಿನ್ನಿನ ಒಲೆ ಕೆಳಗಿರುತ್ತದೆ, ಪಕ್ಕದಲ್ಲಲ್ಲ ಎಂದಳು. ಪುಟವನ್ನು ವಾಪಸು ಮೇಜಿನ ಮೇಲಿಟ್ಟಳು. ಆಮೇಲೆ ಅದೇ ದನಿಯಲ್ಲಿ ಹೇಳಿದಳು:

“ಸುನೀಲಣ್ಣ, ಆ ವ್ಯಾನು ನಮ್ಮ ಬೀದಿಗೇ ಬರ್ತದೆ. ಚರಕ ಬಿಟ್ಟು ಇಸ್ಕೂಲಿಗೆ ಹೋದೋಳು ಅಂದ್ರೆ ಅಲ್ಲಿ ನಾನೊಬ್ಳೇ. ಕಾರ್ಟೂನು ಆಫೀಸಲ್ಲಿ ಕೆಲ್ಸ ಮಾಡೋಳೂ ನಾನೊಬ್ಳೇ. ಇದನ್ನ ನೋಡಿ ಯಾರ ಕಥೆ ಅಂತಾರೆ ಹೇಳಿ.”

ನಾನು ಪುಟವನ್ನು ತಿರುಗಿಸಿ ಬೋರಲಾಗಿಟ್ಟೆ.

“ಅಮ್ಮ ಇನ್ನೂ ಆ ಬೀದೀಲೇ ಕೆಲ್ಸಕ್ಕೆ ಹೋಗ್ಬೇಕು” ಎಂದಳು.

ಕಥೆ ಬರೆಯುವವನು ಸಂಕಟಕ್ಕೆ ಸಿಕ್ಕಾಗ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ನಿಜವಾಗಿ ಏನಾಯಿತು ಹೇಳು, ಅದನ್ನೇ ಬರೆಯುತ್ತೇನೆ ಎಂದೆ. ಅವಳು ಹೇಳಿದಳು. ಒಂಬತ್ತು ವರ್ಷದವರೆಗೆ ಚಕ್ರ ತಿರುಗಿಸುತ್ತಿದ್ದಳು. ತಾಯಿ ಮುಂದೆ ಬೇಸಿನ್ನಿನಲ್ಲಿ. ಹೊಡೆದವರಿಲ್ಲ. ಒಂದು ದಿನ ಮಾಲೀಕರು ಚರಕಗಳಿಗೆ ಮೋಟರು ಹಾಕಿಸಿದರು. ಚಕ್ರ ತಾನೇ ತಿರುಗತೊಡಗಿತು. ಅವಳಿಗೆ ಕೆಲಸವಿರಲಿಲ್ಲ, ಶಾಲೆಗೆ ಹೋದಳು. ಹೋದಮೇಲೂ ರಜೆಯಲ್ಲಿ ತಾಯಿಯ ಪಕ್ಕ ಕೂತು ಎಳೆ ಎತ್ತುತ್ತಿದ್ದಳು, ಬೆರಳಿನ ಚರ್ಮ ಸತ್ತದ್ದು ಆಗ. “ನನ್ನ ಯಾರೂ ತಡೀಲಿಲ್ಲ, ಯಾರೂ ಕಳಿಸ್ಲೂ ಇಲ್ಲ” ಎಂದಳು.

ಇದು ಕಥೆಯಾಗುವುದಿಲ್ಲ ಎಂದು ನಾನು ವಿವರಿಸಿದೆ. ತಡೆ ಇಲ್ಲವಾದ್ದರಿಂದ ಎರಡನೆಯ ಅಂಕವಿಲ್ಲ. ಮೂರನೆಯದು ಮೋಟರಿನದು, ಅದೇ ಮೇಲಿನಿಂದ ಉದುರುವ ಅದೃಷ್ಟ. ಮೋಟರು ಬಂದದ್ದು ನಿನಗಾಗಿ ಅಲ್ಲವಲ್ಲ ಎಂದೆ. ಒಬ್ಬಳ ಬಾಲ್ಯದಲ್ಲಿ ರಚನೆಯ ದೋಷ ಹುಡುಕಿಕೊಟ್ಟು ಅದೇ ಹೊತ್ತಿಗೆ ನಾನು ಬಿಸ್ಕತ್ತು ತಿನ್ನುತ್ತಿದ್ದೆ. ಅವಳು ಹೌದಲ್ಲ ಎಂದು ಒಪ್ಪಿಕೊಂಡಳು. ಮಾಲೀಕನನ್ನೇ ಇಟ್ಟುಬಿಡಿ, ಅವರು ಈಗ ಇಲ್ಲ, ಬೇಜಾರಾಗುವವರಿಲ್ಲ ಎಂದಳು.

ಮಾತು ಕೊಟ್ಟೆ. ಆ ಸಂಜೆ ಕೂತು ಮಾಲೀಕನ ಕಥೆಯಿಂದ ಐವತ್ತು ಸೆಕೆಂಡು ಕಿತ್ತು ನೂರಾ ಹತ್ತಕ್ಕೆ ಇಳಿಸಿದೆ. ಆಗ ಅವನು ಯಾರು, ಏಕೆ ಕೂಗುತ್ತಾನೆ, ಕೊನೆಗೆ ಏಕೆ ಒಳ್ಳೆಯವನಾಗುತ್ತಾನೆ ಎನ್ನುವುದು ಬರೆದ ನನಗೇ ಗೊತ್ತಾಗುತ್ತಿರಲಿಲ್ಲ. ಹರಿಕೃಷ್ಣ ಓದಿ, ಈ ಮನುಷ್ಯನಿಗೆ ಹೊಟ್ಟೆನೋವಾ ಎಂದು ಕೇಳಿದರು. ಒಂದು ಸಲ ಚರಕದ ಜಾಗ ನೋಡಿಕೊಂಡು ಬಾ ಎಂದೂ ಹೇಳಿದರು.

ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ತನುಜ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋದಳು. ಅರ್ಧ ದಿನದ ಕೆಲಸ ನಡೆಯುತ್ತಿತ್ತು. ತಗಡಿನ ಉದ್ದ ಕೋಣೆ, ಹಬೆ, ಬೆಂದ ಹುಳದ ವಾಸನೆ. ಕೀಟನಾಶಕಕ್ಕೆ ಪಳಗಿದ ಮೂಗು ಇದಕ್ಕೂ ಪಳಗೀತು ಎಂದು ಧೈರ್ಯವಾಗಿ ಒಳಗೆ ಹೋದವನು ಎರಡು ಸಲ ಹೊರಗೆ ಬಂದು ನಿಂತೆ. ಗೋಡೆಯ ಪಕ್ಕ ಹಳೆಯ ಕೈಚರಕವೊಂದು ಚಕ್ರ ಕಳಚಿ ಬಿದ್ದಿತ್ತು. ಓಬಳಮ್ಮ ಬೇಸಿನ್ನಿನ ಮುಂದೆ ಕೂತಿದ್ದಳು. ಸಣಕಲು ಹೆಂಗಸು. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿದ್ದವು. ಅವಳ ಬೆರಳು ಅವುಗಳ ಮೇಲೆ ಆಡುತ್ತ, ಕಣ್ಣಿಗೆ ಕಾಣದ ಎಳೆಯೊಂದನ್ನು ಎತ್ತಿ ಉಳಿದವುಗಳ ಜೊತೆಗೆ ಸೇರಿಸುತ್ತಿತ್ತು. ನಾನು ಮಾತಾಡುವಷ್ಟು ಹೊತ್ತೂ ಅದು ನಿಲ್ಲಲಿಲ್ಲ.

ಮಗಳ ಆಫೀಸಿನವನು ಎಂದು ತಿಳಿದು, ಊರು ಯಾವುದು, ಮದುವೆಯಾಗಿದೆಯೇ, ಸಂಬಳ ಸರಿಯಾಗಿ ಕೊಡುತ್ತಾರೆಯೇ ಎಂದು ಕೇಳಿದಳು. ಕಥೆ ಬರೆಯುವುದು ನನ್ನ ಕೆಲಸ ಎಂದೆ. “ಚೆಪ್ಪಪ್ಪ ಮತ್ತೆ, ಏನ್ ಕಥೆ ಹೇಳು” ಎಂದಳು. ತನುಜ ನನ್ನ ಕಡೆ ನೋಡಿದಳು. ನಾನು ಮಾಲೀಕನ ಕಥೆ ಹೇಳಬೇಕಾಗಿತ್ತು. ಅದು ನನಗೇ ಅರ್ಥವಾಗದಿದ್ದುದರಿಂದ ಎರಡನೆಯ ಅಂಕದಲ್ಲಿ ತಡವರಿಸಿದೆ. ಹುಡುಗಿ ಚಕ್ರ ಬಿಟ್ಟು ಏಳುತ್ತಾಳೆ, ಮಾಲೀಕ ಬರುತ್ತಾನೆ ಎಂದೆ.

“ಮಾಲೀಕ ಯಾಕ್ ಬರ್ತಾನೆ?” ಎಂದಳು ಓಬಳಮ್ಮ. “ಅವ್ನು ಮಾರ್ಕೆಟ್ಟಲ್ಲಿ ಗೂಡಿನ ಹರಾಜು ಕೂಗ್ತಿರ್ತಾನೆ ಆ ಹೊತ್ನಲ್ಲಿ. ನಾನೇ ಎಳ್ಕೊಂಡ್ ಬಂದಿದ್ದು.”

ತನುಜ, ಇಲ್ಲಮ್ಮ, ಮೋಟರು ಹಾಕಿದ ಮೇಲೆ ನಾನು ಹೋಗಿದ್ದು ಎಂದಳು.

“ಮೋಟ್ರು ಬಂದಿದ್ದು ಮುಂದಿನ ಸಂಕ್ರಾಂತಿ ಆದ್ಮೇಲೆ. ನೀನು ಹೋಗಿದ್ದು ಅದಕ್ಕೂ ಮೊದ್ಲು, ಇಸ್ಕೂಲು ತೆಗ್ದಾಗ” ಎಂದಳು ತಾಯಿ. ನೀರಿನಿಂದ ಕಣ್ಣು ತೆಗೆಯದೆ ಉಳಿದದ್ದನ್ನೂ ಹೇಳಿದಳು. ಬೆಳಿಗ್ಗೆ ಗಂಟೆ ಹೊಡೆದಾಗ ಹುಡುಗಿ ಚಕ್ರ ಬಿಟ್ಟು ಎದ್ದಳು. ಓಬಳಮ್ಮ ಹೊಸಿಲಿನ ಹತ್ತಿರ ಹಿಡಿದು ತಂದು ಕೂರಿಸಿದಳು. ಮತ್ತೊಂದು ದಿನ ಹುಡುಗಿ ಬೀದಿಯ ತಿರುವಿನವರೆಗೆ ಹೋಗಿದ್ದಳು. ತಾಯಿ ಅಲ್ಲಿಂದ ಎಳೆದುಕೊಂಡು ಬಂದು ಎರಡು ಏಟು ಕೊಟ್ಟಳು. ಮೂರನೆಯ ಸಲ ಹುಡುಗಿ ಶಾಲೆಯ ಗೇಟಿನವರೆಗೆ ಹೋದಳು.

ಆಗ ಏನು ಮಾಡಿದಿರಿ ಎಂದು ಕೇಳಿದೆ. ಕೈಯಲ್ಲಿ ಪೆನ್ನಿತ್ತು. ಮೂರನೆಯ ಅಂಕ ಬಾಯಿಬಿಡುತ್ತದೆ ಎಂದು ಕಾದೆ.

“ಏನೂ ಮಾಡ್ಲಿಲ್ಲ. ಏಳ್ಲಿಲ್ಲ.”

“ಯಾಕೆ?”

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಸ್ವಲ್ಪ ಯೋಚಿಸಿದಳು.

“ನೂಲು ಹರ್ದಿತ್ತು, ಗಂಟು ಹಾಕ್ತಿದ್ದೆ. ಗಂಟು ಹಾಕಾದ್ಮೇಲೂ ಏಳ್ಲಿಲ್ಲ.”

ಆಮೇಲೆ ಚಕ್ರ ತಿರುಗಿಸಿದ್ದು ಯಾರು ಎಂದು ತನುಜ ಕೇಳಿದಳು. ನಿಮ್ಮಜ್ಜಿ, ಮೋಟರು ಬರೋವರೆಗೂ ಎಂದಳು ಓಬಳಮ್ಮ. ತನುಜಾಳಿಗೆ ಅಜ್ಜಿ ಅಲ್ಲಿ ಕೂತಿದ್ದ ನೆನಪೇ ಇರಲಿಲ್ಲ. ಹೊಸಿಲು, ತಿರುವು, ಗೇಟು ಯಾವುದೂ ನೆನಪಿರಲಿಲ್ಲ. ಮೋಟರಿನ ಸದ್ದು ಮಾತ್ರ ನೆನಪಿದೆ ಎಂದಳು. ಅವಳ ಮುಖದಲ್ಲಿ ಆಶ್ಚರ್ಯ ಹುಡುಕಿದೆ, ಕಥೆ ಬರೆಯುವವನ ಚಟ. ಮಣ್ಣಿನ ನೆಲ ನೋಡುತ್ತಿದ್ದಳು, ಅಷ್ಟೆ.

ಇದನ್ನು ಚಿತ್ರದಲ್ಲಿ ಹಾಕಿದರೆ, ನಿಮ್ಮ ಬೀದಿಯಲ್ಲೇ ತೋರಿಸಿದರೆ ನಿಮಗೆ ಬೇಜಾರಾಗುವುದಿಲ್ಲವೇ ಎಂದು ನಾನು ಓಬಳಮ್ಮನನ್ನು ಕೇಳಿದೆ. “ಈ ಬೀದೀಲಿ ಮಕ್ಕಳನ್ನ ಎಳ್ಕೊಂಡ್ ಬರ್ದೇ ಇರೋ ತಾಯಿ ಯಾರವ್ರಪ್ಪ? ತೋರ್ಸು” ಎಂದಳು. ತನುಜ ಮಾತ್ರ ಬೇಡ ಎಂದಳು. ಎಲ್ಲರೂ ಎಳೆದುಕೊಂಡು ಬಂದಿದ್ದಾರೆ, ಆದರೆ ಪರದೆಯ ಮೇಲೆ ಎಳೆಯುವುದು ನೀನೊಬ್ಬಳೇ ಎಂದಳು. ತಾಯಿ ಹೊಸ ಗೂಡುಗಳನ್ನು ನೀರಿಗೆ ಸುರಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೆಟಿನ ಹಿಂದೆ ಬರೆಯಲು ಶುರುಮಾಡಿದೆ, ಜಾಗ ಸಾಲದೆ ಅಂಗೈಗೂ ಬಂತು. ಎಲ್ಲವೂ ತಾನಾಗಿ ಕೂತುಕೊಂಡಿತು, ನಾನು ಮಾಡಿದ್ದು ಕೂಡಿಸಿದ್ದು ಮಾತ್ರ. ಮೊದಲ ಅಂಕ ಇಪ್ಪತ್ತೆಂಟು ಸೆಕೆಂಡು: ಚಕ್ರ, ಹಬೆ, ಕಿಟಕಿಯಾಚೆ ಚೀಲ ಹೊತ್ತ ಮಕ್ಕಳು, ಗಂಟೆ, ಹುಡುಗಿಯ ಕೈ ಚಕ್ರವನ್ನು ಬಿಡುತ್ತದೆ. ಎರಡನೆಯದು ಐವತ್ತೇಳು: ಹೊಸಿಲಿಗೆ ಹನ್ನೆರಡು, ತಿರುವಿಗೆ ಹದಿನೇಳು, ಗೇಟಿಗೆ ಇಪ್ಪತ್ತೆಂಟು. ಪ್ರತಿ ಸಲ ಇನ್ನಷ್ಟು ದೂರ, ಎರಡನೆಯ ಸಲ ಅದೇ ಕೈ ಇನ್ನಷ್ಟು ಬಿರುಸು. ಮೂರನೆಯ ಸಲ ಹುಡುಗಿ ಗೇಟಿನ ಹತ್ತಿರ ನಿಂತು, ತಾಯಿ ಈಗ ಬರುತ್ತಾಳೆ ಎಂದು ಹಿಂದಿರುಗಿ ನೋಡುತ್ತಾಳೆ. ಬೀದಿ ಖಾಲಿ. ಅಲ್ಲಿಗೆ ಎರಡನೆಯ ಅಂಕ ಮುಗಿಯುತ್ತದೆ. ಮೂರನೆಯದು ಇಪ್ಪತ್ತೈದು. ತಾಯಿ ಬೇಸಿನ್ನಿನ ಮುಂದೆ, ನೂಲು ಕೈಯಲ್ಲಿ, ಹಿಂದೆ ನಿಂತ ಚಕ್ರ. ಅವಳು ಏಳುವುದಿಲ್ಲ. ಇತ್ತ ಹುಡುಗಿ ಒಳಗೆ ಹೋಗುತ್ತಾಳೆ. ಎಂಟು ಸಲ ಎಳೆಯುವುದಕ್ಕಿಂತ ಎರಡು ಸಲ ಎಳೆದು ಒಂದು ಸಲ ಸುಮ್ಮನಿರುವುದು ದೊಡ್ಡದು ಎನ್ನುವುದನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ನನ್ನ ತರಬೇತಿ ಆರು ವಾರದ್ದು ಎನ್ನುವುದೂ ಇದೆ.

ಆದರೆ ಮಾತು ಕೊಟ್ಟಿದ್ದೆ. ಸೋಮವಾರ ಬೆಳಿಗ್ಗೆ ಎರಡೂ ಪುಟ ಅಚ್ಚು ಮಾಡಿಸಿ ತನುಜಾಳ ಮುಂದಿಟ್ಟು, ಮೇಡಂಗೆ ಮಾಲೀಕನದನ್ನೇ ಕೊಡುತ್ತೇನೆ, ಇದು ನೀನು ನೋಡಲೆಂದು ಎಂದೆ. ಅವಳು ತಾಯಿಯ ಪುಟವನ್ನು ತೆಗೆದುಕೊಂಡು, ಮದುವೆ ಸಿ.ಡಿ.ಯ ಕೆಲಸದ ನಡುವೆ ನಡುವೆ ಓದುತ್ತಿದ್ದಳು. ಹನ್ನೊಂದಕ್ಕೆ ಶಿರೀಷಾ ಮೇಡಂ ಬಂದರು. ನಾನು ಮಾಲೀಕನ ಪುಟ ಕೊಟ್ಟೆ. ಅವರು ಓದಿದರು, ಹಿಂದೆ ತಿರುಗಿಸಿ ಅಲ್ಲೇನಾದರೂ ಇದೆಯೇ ನೋಡಿದರು. ಈ ಮನುಷ್ಯ ಯಾಕೆ ಮನಸ್ಸು ಬದಲಾಯಿಸಿದ ಎಂದು ಕೇಳಿದರು. ಹರಿಕೃಷ್ಣ ನನ್ನನ್ನು ನೋಡಿದರು, ನಾನು ಫ್ಯಾನನ್ನು ನೋಡಿದೆ. ನೂರಾ ಹತ್ತು ಸೆಕೆಂಡು ಇದ್ದಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ. ಹತ್ತು ಸೆಕೆಂಡಿನಲ್ಲಿ ಅವರು ಪುಟ ಮಡಚಿದರು. ಬೇರೆ ಕಡೆಯಲ್ಲೂ ಕೇಳಿದ್ದೇನೆ, ನೋಡೋಣ ಎಂದರು.

ತನುಜ ಎದ್ದು ಬಂದು ತನ್ನ ಕೈಯಲ್ಲಿದ್ದ ಪುಟವನ್ನು ಅವರ ಮುಂದಿಟ್ಟು, ಪಕ್ಕದಲ್ಲೇ ನಿಂತಳು.

ಮೇಡಂ ಅದನ್ನು ನಿಧಾನವಾಗಿ ಓದಿದರು. ಹೊಸಿಲಿನ ಹತ್ತಿರ ತಲೆಯಾಡಿಸಿದರು, ಗೇಟಿನ ಹತ್ತಿರ ಚೆನ್ನಾಗಿದೆ ಎಂದರು. ಮೂರನೆಯ ಅಂಕಕ್ಕೆ ಬಂದಾಗ ಪೆನ್ನು ತೆಗೆದರು. ತಾಯಿ ಸುಮ್ಮನೆ ಕೂತಿದ್ದರೆ ಸಂದೇಶ ಏನು ಎಂದು ಕೇಳಿದರು. ಅವಳು ನಗುತ್ತ ಗೇಟಿಗೆ ಬಂದು ಮಗಳಿಗೆ ಕೈಬೀಸಲಿ, ಜನಕ್ಕೆ ಅರ್ಥವಾಗುತ್ತದೆ. ಹರಿಕೃಷ್ಣ ತಕ್ಷಣ, ಹಾಕೋಣ ಮೇಡಂ ಎಂದರು. ನಾನೂ ಹಾಕೋಣ ಎಂದೆ. ಕೈಬೀಸುವುದಕ್ಕೆ ಆರು ಸೆಕೆಂಡು, ನಡೆದು ಬರುವುದಕ್ಕೆ ಐದು, ಅಷ್ಟನ್ನು ಎಲ್ಲಿ ಕತ್ತರಿಸಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ್ದೆ. ಕಥಾ ವಿಭಾಗದ ಬೆನ್ನುಮೂಳೆ ಹೀಗಿತ್ತು.

“ನಮ್ಮಮ್ಮ ನಗ್ಲಿಲ್ಲ ಮೇಡಂ” ಎಂದಳು ತನುಜ.

ಮೇಡಂ ತಲೆ ಎತ್ತಿದರು.

“ಕೈಬೀಸ್ಲೂ ಇಲ್ಲ. ಮೊದಲೆರಡು ಸಲ ಎಳ್ಕೊಂಡ್ ಬಂದ್ಲು, ಮೂರನೇ ಸಲ ಏಳ್ಲಿಲ್ಲ. ಅಷ್ಟೇ ಮಾಡಿದ್ದು. ನಮ್ಮ ಬೀದಿಯೋರಿಗೆ ಅಷ್ಟು ಅರ್ಥ ಆಗ್ತದೆ.”

ದನಿ ಏರಲಿಲ್ಲ, ಬಸ್ಸಿನ ಸಮಯ ಹೇಳಿದ ಹಾಗೆಯೇ ಇತ್ತು. ಆದರೆ ಎರಡು ದಿನ ಬಚ್ಚಿಡಲು ನೋಡಿದ್ದ ತಾಯಿಯನ್ನು ಅವಳೇ ನಮ್ಮ ಮೂವರ ಮುಂದೆ ತಂದು ಕೂರಿಸಿದ್ದಳು. ಯಾವ ಬೀದಿ ಎಂದು ಮೇಡಂ ಕೇಳಿದರು. ತನುಜ ಬೀದಿಯ ಹೆಸರು ಹೇಳಿದಳು. ವ್ಯಾನು ಮೊದಲು ನಿಲ್ಲುವುದು ಅಲ್ಲಿಯೇ ಎಂದರು ಮೇಡಂ. ಗೊತ್ತು ಎಂದಳು.

ಮೇಡಂ ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. ಆಮೇಲೆ ತಾಯಿಯನ್ನು ಹಾಗೆ ಎಷ್ಟು ಹೊತ್ತು ತೋರಿಸುತ್ತೀರಿ ಎಂದು ಕೇಳಿದರು. ನಾನು ಆರು ಸೆಕೆಂಡು ಎಂದು ಬರೆದಿದ್ದೆ. ತನುಜ ಹನ್ನೆರಡು ಎಂದಳು. ಎರಡು ನಿಮಿಷದ ಚಿತ್ರದಲ್ಲಿ ಏನೂ ನಡೆಯದ ಹನ್ನೆರಡು ಸೆಕೆಂಡು ಬಹಳವಾಯಿತು, ಜನ ಹೊರಟುಬಿಡುತ್ತಾರೆ ಎಂದೆ. ಎಳೆದುಕೊಂಡು ಬರುವುದನ್ನು ಅಷ್ಟು ಹೊತ್ತು ನೋಡುತ್ತಾರಲ್ಲ, ಇದನ್ನೂ ನೋಡಲಿ ಎಂದಳು. ಹರಿಕೃಷ್ಣ ಮಾತ್ರ ಖುಷಿಯಾದರು. ತಾಯಿ ಅಲುಗಾಡದಿದ್ದರೆ ಒಂದೇ ಚಿತ್ರ ಸಾಕು, ಹಬೆಯೊಂದು ಆಡಿದರಾಯಿತು, ಮೂರು ದಿನದ ಕೆಲಸ ಉಳಿಯಿತು.

ಮೇಡಂ ಆರನ್ನು ಹೊಡೆದುಹಾಕಿ ಹನ್ನೆರಡು ಎಂದು ತಾವೇ ಬರೆದು, ಪುಟದ ಕೆಳಗೆ ಸಹಿ ಮಾಡಿದರು. ಕಥೆ ಬರೆದವರ ಹೆಸರು ಏನು ಹಾಕಬೇಕು ಎಂದು ಕೇಳಿದರು. ನಾನು ಬಾಯಿ ತೆರೆದೆ. ಹರಿಕೃಷ್ಣ ನನ್ನ ಕಡೆ ನೋಡಿದ್ದರಿಂದ ಮುಚ್ಚಿದೆ. ತನುಜ ಅಷ್ಟರಲ್ಲಿ ತನ್ನ ಜಾಗಕ್ಕೆ ಹೋಗಿ ಕೂತು, ಗೌರಿಬಿದನೂರಿನ ಯಾರದೋ ಮದುವೆಯ ಹಾರುವ ಹೃದಯಕ್ಕೆ ಕೆಂಪು ತುಂಬುತ್ತಿದ್ದಳು. ಓಬಳಮ್ಮ ಅಂತ ಹಾಕಿ ಎಂದು ಅಲ್ಲಿಂದಲೇ ಹೇಳಿದಳು.